ಹಾಸನದಲ್ಲಿ ಹೊಸ ಸರ್ವೀಸ್ ಶುರು ಮಾಡೋರೇ, ‘ಮೂರೂ ಕಡೆ ಆ್ಯಡ್’ ಪ್ಯಾಕೇಜಿಗೆ ದುಡ್ಡು ಹಾಕೋ ಮುಂಚೆ ಇದನ್ನ ಓದಿ

ಐವತ್ತು ಸಾವಿರ ರೂಪಾಯಿ ಕಣ್ರೀ. ಸಂಪು ಮತ್ತು ಓವರ್‌ಹೆಡ್ ಟ್ಯಾಂಕ್ ಕ್ಲೀನ್ ಮಾಡುವ ನಮ್ಮ ಹೊಸ ಸರ್ವೀಸ್, ಹಾಸನ ಸಿಟಿ ಒಳಗೆ ಮಾತ್ರ, ಒಂದು ಗಾಡಿ, ಮೂರು ಜನ ಹುಡುಗರು. ಒಂದು ಮನೆಗೆ ಸರಾಸರಿ ಬಿಲ್ 1,200. ಒಂದು ತಿಂಗಳ ಜಾಹೀರಾತಿಗೆ ಅಂತ ಒಂದು ಏಜೆನ್ಸಿಯ ‘ಮೂರೂ ಕಡೆ’ ಪ್ಯಾಕೇಜಿಗೆ ಇಷ್ಟು ಸುರಿದ ಮೇಲೆ ಸಿಕ್ಕಿದ್ದು ಎಂಟು ಕೆಲಸ. ಎಂಟೇ ಎಂಟು! ಒಂದು ಗಿರಾಕಿ ಹಿಡಿಯೋಕೆ 6,250 ಖರ್ಚು, ಅವರು ಕೊಡೋದು 1,200. ಹೇಳ್ಕೊಳ್ಳೋಕೂ ನಾಚಿಕೆ. ಆದರೆ ಇದೇ ಪ್ಯಾಕೇಜನ್ನ ಇದೇ ಬಾಯಿಪಾಠದಲ್ಲಿ ಇನ್ನೂ ಎಷ್ಟೋ ಜನ ಮಾರ್ತಾ ಇದ್ದಾರೆ, ಅದಕ್ಕೇ ಬರೀತಿದ್ದೀವಿ. ಏಜೆನ್ಸಿ ಹೆಸರು ಹಾಕಲ್ಲ.

ಅವರು ದುಡ್ಡು ಹಂಚಿದ ರೀತಿ ನೋಡಿ. ಇನ್‌ಫ್ಲುಯೆನ್ಸರ್ ರೀಲ್ಸ್‌ಗೆ 22,000. ಇನ್‌ಸ್ಟಾಗ್ರಾಮ್ ಬೂಸ್ಟಿಗೆ 12,000. ಗೂಗಲ್ ಸರ್ಚಿಗೆ 6,000. ಅವರ ಫೀಸು 10,000. ಎಂಟು ಕೆಲಸದಲ್ಲಿ ಆರು ಬಂದಿದ್ದು ಆ ಆರು ಸಾವಿರದ ಗೂಗಲ್‌ನಿಂದ, ಎರಡು ಇನ್‌ಸ್ಟಾಗ್ರಾಮ್‌ನಿಂದ. ಇಪ್ಪತ್ತೆರಡು ಸಾವಿರ ನುಂಗಿದ ರೀಲ್ಸ್‌ನಿಂದ ಬಂದಿದ್ದು ಸೊನ್ನೆ.

ಜಾಸ್ತಿ ದುಡ್ಡು ರೀಲ್ಸ್‌ಗೇ ಯಾಕೆ ಅಂದ್ರೆ, ಅವರ ಕಮಿಷನ್ ಇರೋದೇ ಅಲ್ಲಿ. ಗೂಗಲ್ ಖರ್ಚಿನ ಲೆಕ್ಕ ಅಕೌಂಟ್ ತೆಗೆದರೆ ಪೈಸೆ ಸಮೇತ ಕಾಣುತ್ತೆ. ರೀಲ್ ಹಾಕಿದ ಪೇಜಿನವನಿಗೆ ಎಷ್ಟು ಕೊಟ್ಟರು, ಜೇಬಿಗೆ ಎಷ್ಟು ಇಳಿಸಿಕೊಂಡರು ಅನ್ನೋದು ಯಾವ ಸ್ಕ್ರೀನಿನಲ್ಲೂ ಕಾಣಲ್ಲ.

ಮಾರಿದ ಮಾತು ಇದು: “ಸರ್, ಹಾಸನಾಂಬೆ ಬಾಗಿಲು ತೆಗೆಯೋ ಟೈಮು. ಹಾಸನ ಫುಲ್ ಟ್ರೆಂಡಿಂಗ್ ಇರುತ್ತೆ. ಆಗ ರೀಲ್ ಬಿಟ್ರೆ ಎಲ್ಲಿಗೋ ಹೋಗುತ್ತೆ ಸರ್.” ಹೋಯ್ತು. ಎಲ್ಲಿಗೋ ಹೋಯ್ತು! ಆಶ್ವಯುಜದಲ್ಲಿ ಬಾಗಿಲು ತೆಗೆದು ಬಲಿಪಾಡ್ಯಮಿ ಆದಮೇಲೆ ಮುಚ್ಚೋ ತನಕ ಊರಲ್ಲಿ ಇರೋದು ಯಾರು? ಬೆಂಗಳೂರು, ಮೈಸೂರು, ತುಮಕೂರಿಂದ ದರ್ಶನಕ್ಕೆ ಬಂದೋರು. ಕ್ಯೂನಲ್ಲಿ ನಿಂತು ‘ಹಾಸನ’ ಅಂತ ಇರೋ ರೀಲ್‌ಗಳನ್ನೆಲ್ಲ ನೋಡ್ತಾರೆ, ಲೈಕ್ ಒತ್ತುತಾರೆ, ರಾತ್ರಿ ಬಸ್ ಹತ್ತುತಾರೆ. ಅವರ ಮನೆ ಸಂಪು ಇರೋದು ರಾಜಾಜಿನಗರದಲ್ಲಿ. ಹಾಸನದಲ್ಲಿ ಸಣ್ಣ ಸರ್ವೀಸಿನ ಆ್ಯಡ್ ಬಿಡಬಾರದ ಸಮಯ ಅಂತ ಒಂದಿದ್ದರೆ ಅದೇ.

ದೊಡ್ಡ ಪೇಜಿನ ರೀಲ್‌ಗೆ 1.84 ಲಕ್ಷ ವ್ಯೂಸ್. ಸ್ಕ್ರೀನ್‌ಶಾಟ್ ಬಂತು, ಜೊತೆಗೆ ಬೆಂಕಿ ಎಮೋಜಿ. ಫೋನ್ ಮಾತ್ರ ಬರಲಿಲ್ಲ. ಆ ಸ್ಕ್ರೀನ್‌ಶಾಟ್ ವ್ಯೂಸ್ ಸಂಖ್ಯೆಯ ಕೆಳಗೆ ಸರಿಯಾಗಿ ಕಟ್ ಆಗಿತ್ತು. ಇನ್‌ಸೈಟ್ಸ್‌ನಲ್ಲಿ ಕೆಳಗೆ ಹೋದರೆ ನೋಡಿದವರ ವಯಸ್ಸು ಇರುತ್ತೆ. ಪೇಜಿನ ಫಾಲೋವರ್ಸ್ ಊರಿನ ಪ್ರಕಾರ ಶೇಕಡಾ ಎಷ್ಟು ಅಂತಾನೂ ತೋರಿಸುತ್ತೆ. “ಸ್ಕ್ರೀನ್‌ಶಾಟ್ ಬೇಡ, ಮೇಲಿಂದ ಕೆಳಗಿನ ತನಕ ಸ್ಕ್ರೋಲ್ ಮಾಡಿ ಸ್ಕ್ರೀನ್ ರೆಕಾರ್ಡಿಂಗ್ ಕಳಿಸಿ” ಅಂತ ಕೂತು ಕೇಳಿದ ಮೇಲೆ ಒಲ್ಲದ ಮನಸ್ಸಿಂದ ಕಳಿಸಿದರು. ಫಾಲೋವರ್ಸ್‌ನಲ್ಲಿ ಬೆಂಗಳೂರು ಶೇಕಡಾ 34. ಮೈಸೂರು 9. ಆಮೇಲೆ ಹಾಸನ, ಶೇಕಡಾ 6. ಪೇಜಿನ ಹೆಸರಲ್ಲಿ ‘ಹಾಸನ’ ಇದೆ, ಪ್ರೊಫೈಲ್ ಫೋಟೋದಲ್ಲಿ ದೇವಸ್ಥಾನದ ಗೋಪುರ ಇದೆ, ಜನ ಮಾತ್ರ ಬೇರೆ ಊರಿನೋರು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು 18ರಿಂದ 24 ವಯಸ್ಸು. ಆ ಆರು ಪರ್ಸೆಂಟನ್ನ ಸುಮ್ಮನೆ ಗುಣಿಸಿದರೂ ಊರಿನ ವ್ಯೂಸ್ ಹನ್ನೊಂದು ಸಾವಿರ ಅಷ್ಟೇ, ಅದೂ ತಲೆಗಳ ಲೆಕ್ಕ ಅಲ್ಲ, ಒಬ್ಬನೇ ಎರಡು ಸಲ ನೋಡಿದ್ದೂ ಸೇರಿ. ಪಿಜಿಯಲ್ಲಿ ಇರೋ ಇಂಜಿನಿಯರಿಂಗ್ ಹುಡುಗ ಸಂಪು ಕ್ಲೀನ್ ಮಾಡಿಸ್ತಾನಾ ಸ್ವಾಮಿ?

ಕೇಳಿದ್ದಕ್ಕೆ ಉತ್ತರ: “ಸರ್, ಇದು ಬ್ರ್ಯಾಂಡಿಂಗ್. ಲೀಡ್ಸ್ ಆಮೇಲೆ ತಾನಾಗೇ ಬರುತ್ತೆ.” ಆಮೇಲೆ ಅಂದ್ರೆ ಯಾವಾಗಪ್ಪ? “ಆಡಿಯೆನ್ಸ್ ವಾರ್ಮ್ ಆಗ್ಬೇಕು ಸರ್.” ಸಾವಿರದಿನ್ನೂರು ರೂಪಾಯಿ ಕೆಲಸಕ್ಕೆ ವಾರ್ಮ್ ಆಗೋಕೇನಿದೆ. ನಲ್ಲಿಯಲ್ಲಿ ಕೆಸರು ನೀರು ಬಂದ ದಿನ ಜನ ಹುಡುಕ್ತಾರೆ, ಯಾರು ಮೊದಲು ಕಂಡರೋ ಅವರಿಗೆ ಫೋನ್ ಮಾಡ್ತಾರೆ. ಅಷ್ಟೇ ಈ ವ್ಯಾಪಾರ.

ಇನ್‌ಸ್ಟಾಗ್ರಾಮ್ ಬೂಸ್ಟಿನ ಕಥೆ ಇನ್ನೂ ಚೆನ್ನಾಗಿದೆ. ನಾಲ್ಕು ಪೋಸ್ಟು, ತಲಾ ಮೂರು ಸಾವಿರ. ಬೂಸ್ಟ್ ಬಟನ್ ಒತ್ತಿದಾಗ ನಿಮಗೇನು ಬೇಕು ಅಂತ ಕೇಳುತ್ತಲ್ಲ, ಅಲ್ಲಿ ಮೆಸೇಜ್ ಬೇಕು ಅನ್ನೋದರ ಬದಲು ಪ್ರೊಫೈಲ್ ವಿಸಿಟ್ ಬೇಕು ಅಂತ ಒತ್ತಿದ್ದಾರೆ. ಪ್ರೊಫೈಲ್ ವಿಸಿಟ್ ಅಗ್ಗ, ರಿಪೋರ್ಟಿನಲ್ಲಿ ದೊಡ್ಡ ಸಂಖ್ಯೆ ಕಾಣುತ್ತೆ. 1,900 ವಿಸಿಟ್, 11 ಮೆಸೇಜ್, 2 ಕೆಲಸ. ಜಾಗಕ್ಕೆ ಹಾಸನದ ಸುತ್ತ 80 ಕಿಲೋಮೀಟರ್ ವೃತ್ತ! ಚಿಕ್ಕಮಗಳೂರು, ಸಕಲೇಶಪುರ, ಅರಸೀಕೆರೆ ಎಲ್ಲ ಅದರೊಳಗೆ. ಒಂದು ಗಾಡಿ ಇರೋರಿಗೆ. ಸಾಲದ್ದಕ್ಕೆ ಇನ್‌ಸ್ಟಾಗ್ರಾಮ್ ನಡೆಸೋ ಮೆಟಾದವರು ‘ಈ ಊರಲ್ಲಿರೋರು’ ಅಂತ ಲೆಕ್ಕ ಹಾಕುವಾಗ ಇತ್ತೀಚೆಗೆ ಇಲ್ಲಿಗೆ ಬಂದುಹೋದೋರನ್ನೂ ಸೇರಿಸ್ತಾರೆ, ಅಂದ್ರೆ ಮತ್ತೆ ದರ್ಶನಕ್ಕೆ ಬಂದೋರೇ.

ಇದಕ್ಕೆ ಅವರ ಉತ್ತರ: “ಆಲ್ಗಾರಿದಮ್ ಇನ್ನೂ ಲರ್ನಿಂಗ್‌ನಲ್ಲಿದೆ ಸರ್.” ಈ ಮಾತು ಎಲ್ಲರಿಗೂ ಹೇಳ್ತಾರೆ, ಅದಕ್ಕೆ ಬಿಡಿಸಿ ಹೇಳ್ತೀವಿ. ಮೆಟಾ ಆ್ಯಡ್‌ನಲ್ಲಿ ನೀವು ಕೇಳಿದ ಫಲಿತಾಂಶ ವಾರಕ್ಕೆ ಸುಮಾರು 50 ಸಿಕ್ಕಿದರೆ, ಆ್ಯಡ್ ಯಾರಿಗೆ ತೋರಿಸಬೇಕು ಅಂತ ಕಲಿಯೋ ಲರ್ನಿಂಗ್ ಹಂತ ಮುಗಿಯುತ್ತೆ. ಇಲ್ಲಿ ಒಂದೊಂದು ಬೂಸ್ಟಿಗೂ ವಾರಕ್ಕೆ ನೂರರ ಮೇಲೆ ವಿಸಿಟ್ ಬಂದಿದೆ. ಅಂದ್ರೆ ಅದು ಕಲಿಯೋದನ್ನ ಎಂದೋ ಮುಗಿಸಿದೆ. ಏನು ಕಲಿತಿದೆ? ಪ್ರೊಫೈಲ್ ನೋಡಿ ಸುಮ್ಮನೆ ಹೋಗೋರನ್ನ ಹುಡುಕೋದು ಹೇಗೆ ಅಂತ, ಅದನ್ನೇ ತಾನೇ ಕೇಳಿದ್ದು.

ಈಗ ಗೂಗಲ್. ಜಾಸ್ತಿ ಕೆಲಸ ಕೊಟ್ಟಿದ್ದು ಇದೇ, ಅದನ್ನೂ ಹಾಳು ಮಾಡಿದ್ದರು. ಆರು ಸಾವಿರದಲ್ಲಿ ಶೇಕಡಾ 18 ಜಿಎಸ್‌ಟಿ ಹೋಗಿ ಕ್ಲಿಕ್ಕಿಗೆ ಉಳಿದಿದ್ದು 5,085. ಕೀವರ್ಡು ‘ಟ್ಯಾಂಕ್ ಕ್ಲೀನಿಂಗ್’, ಬ್ರಾಡ್ ಮ್ಯಾಚ್‌ನಲ್ಲಿ ಬಿಟ್ಟಿದ್ದಾರೆ, ಅಂದ್ರೆ ಅದಕ್ಕೆ ಸಂಬಂಧ ಅನ್ನಿಸಿದ ಯಾವ ಹುಡುಕಾಟಕ್ಕೂ ಆ್ಯಡ್ ಕಾಣುತ್ತೆ. ಈ ಪದ ಇದ್ದರೆ ಆ್ಯಡ್ ತೋರಿಸಬೇಡ ಅನ್ನೋ ನೆಗೆಟಿವ್ ಕೀವರ್ಡ್ ಒಂದೂ ಇಲ್ಲ. ಬಂದ ಹದಿನೇಳು ಫೋನಿನಲ್ಲಿ ಏಳು ಹೀಗೆ: “ಅಣ್ಣಾ, ಗುಂಡಿ ತುಂಬೋಗಿದೆ, ಸಕ್ಕಿಂಗ್ ಗಾಡಿ ಕಳ್ಸಿ.” ಸೆಪ್ಟಿಕ್ ಟ್ಯಾಂಕ್! ಕುಡಿಯೋ ನೀರಿನ ಟ್ಯಾಂಕ್ ತೊಳೆಯೋರಿಗೆ ಪಾಯಿಖಾನೆ ಗುಂಡಿಯ ಫೋನು, ಒಂದೊಂದು ಕ್ಲಿಕ್ಕಿಗೂ ಇಪ್ಪತ್ತು ರೂಪಾಯಿ ಮೇಲೆ ಕೊಟ್ಟು. ಜನ ಏನಂತ ಹುಡುಕಿ ಬಂದರು ಅಂತ ತೋರಿಸೋ ಸರ್ಚ್ ಟರ್ಮ್ಸ್ ರಿಪೋರ್ಟ್ ತೆಗೆಸಿ ನೋಡಿದರೆ ಬೈಕಿನ ಪೆಟ್ರೋಲ್ ಟ್ಯಾಂಕು, ಮೀನಿನ ಟ್ಯಾಂಕು, ಟ್ಯಾಂಕ್ ಕ್ಲೀನಿಂಗ್ ಕೆಲಸ ಖಾಲಿ ಇದೆಯಾ ಅನ್ನೋದು, ಎಲ್ಲ ಇದೆ. ಕಾಣಿಸಿದ ಪದಗಳಲ್ಲೇ ಸುಮಾರು 3,100 ರೂಪಾಯಿ ಹೀಗೆ ಹರಿದುಹೋಗಿತ್ತು. ಅದಿಲ್ಲದಿದ್ದರೆ ಆ ಆರು ಕೆಲಸ ತೆರಿಗೆ ಸೇರಿ ತಲಾ ನಾನೂರರ ಒಳಗೆ ಬೀಳ್ತಿತ್ತು. ಅದು ಪೂರೈಸೋ ಲೆಕ್ಕ.

ಇನ್ನೊಂದು, ಇದನ್ನ ತಪ್ಪದೆ ನೋಡಿ. ಲೊಕೇಶನ್ ಆಯ್ಕೆಯಲ್ಲಿ ಗೂಗಲ್ ತಾನಾಗಿ ಇಟ್ಟಿರೋದು Presence or interest. ಅಂದ್ರೆ ಹಾಸನದ ಬಗ್ಗೆ ಆಸಕ್ತಿ ತೋರಿಸಿದವನು ಬೆಂಗಳೂರಲ್ಲಿ ಕೂತಿದ್ದರೂ ಆ್ಯಡ್ ಕಾಣುತ್ತೆ. ಹಾಸನಾಂಬೆ ಸಮಯದಲ್ಲಿ ಹಾಸನದ ಬಗ್ಗೆ ಹುಡುಕದವರು ಯಾರಿದ್ದಾರೆ? ಅದನ್ನ Presence ಅಂತ ಮಾಡಬೇಕು, ಒಂದೇ ಕ್ಲಿಕ್. ಅದನ್ನೂ ಮಾಡಿರಲಿಲ್ಲ. ಕೇಳಿದರೆ “ಗೂಗಲ್ಲೇ ರೆಕಮೆಂಡ್ ಮಾಡುತ್ತೆ ಸರ್” ಅಂತೆ. ಮಾಡುತ್ತೆ, ಗೂಗಲ್‌ಗೆ ಕ್ಲಿಕ್ ಬೇಕು.

ಹಾಗಾದರೆ ಎಲ್ಲ ಐವತ್ತು ಸಾವಿರಾನೂ ಗೂಗಲ್‌ಗೇ ಹಾಕಬಹುದಿತ್ತಾ? ಆಗಲ್ಲ. ಹಾಸನದಂಥ ಊರಲ್ಲಿ ಸಂಪು ಕ್ಲೀನಿಂಗ್ ಅಂತ ದಿನಕ್ಕೆ ಹುಡುಕೋರು ಬೆರಳೆಣಿಕೆ. ಆ ಹುಡುಕಾಟ ಮುಗಿದ ಮೇಲೆ ದುಡ್ಡು ಜಾಸ್ತಿ ಇಟ್ಟರೆ ಬ್ರಾಡ್ ಮ್ಯಾಚ್ ಅಡ್ಡದಾರಿ ಹಿಡಿಯುತ್ತೆ. ಎಲ್ಲಿ ನಿಲ್ಲಿಸಬೇಕು ಅನ್ನೋಕೆ Search lost IS (budget) ಅನ್ನೋ ಕಾಲಂ ನೋಡಿ. ನಿಮ್ಮ ಬಜೆಟ್ ಸಾಲದೆ ಎಷ್ಟು ಪರ್ಸೆಂಟ್ ಹುಡುಕಾಟಗಳಲ್ಲಿ ನಿಮ್ಮ ಆ್ಯಡ್ ಕಾಣಲಿಲ್ಲ ಅಂತ ಅದು ಹೇಳುತ್ತೆ. ಅದು 40 ಇದ್ದರೆ ಬೇರೆ ಕಡೆ ಒಂದು ರೂಪಾಯಿ ಹಾಕೋದೂ ದಂಡ, ಮೊದಲು ಇಲ್ಲಿ ಜಾಸ್ತಿ ಮಾಡಿ. ಸೊನ್ನೆ ಹತ್ತಿರ ಬಂತು ಅಂದ್ರೆ ಇಲ್ಲಿ ತುಂಬಿತು, ಉಳಿದದ್ದು ಇನ್‌ಸ್ಟಾಗ್ರಾಮ್ ಕಡೆ ಹೋಗಲಿ. ಹೀಗೆ ತುಂಬಿಸ್ಕೊಂಡು ಹೋಗೋದು ಬಿಟ್ಟು ಮೊದಲೇ ‘ಇಷ್ಟು ಪರ್ಸೆಂಟ್ ಇಲ್ಲಿ, ಇಷ್ಟು ಅಲ್ಲಿ’ ಅಂತ ಪಿಪಿಟಿ ತೋರಿಸೋರನ್ನ ನಂಬಬೇಡಿ.

ನಮ್ಮ ಲೆಕ್ಕದಲ್ಲಿ ಐವತ್ತು ಸಾವಿರ ಇದ್ದರೆ ಮೊದಲ ಹದಿನೈದು ದಿನಕ್ಕೆ ಸರ್ಚಿಗೆ ಎಂಟರಿಂದ ಹತ್ತು ಸಾವಿರ, ಇನ್‌ಸ್ಟಾಗ್ರಾಮಿಗೆ ಐದು ಸಾವಿರ. ಉಳಿದದ್ದು ಕೈಯಲ್ಲೇ ಇರಲಿ. ಅದಕ್ಕೂ ಮುಂಚೆ ಗೂಗಲ್ ಬಿಸಿನೆಸ್ ಪ್ರೊಫೈಲ್, ಅದು ಪುಕ್ಕಟೆ, ನಿಜವಾದ ಕೆಲಸದ ಫೋಟೋ ಹಾಕಿ, ಪ್ರತಿ ಗಿರಾಕಿಯಿಂದ ರಿವ್ಯೂ ಕೇಳಿ. ಸರ್ಚಿನಲ್ಲಿ ಕೀವರ್ಡು ಬ್ರಾಡ್ ಬದಲು, ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ ತೋರಿಸೋ ಫ್ರೇಸ್ ಇಲ್ಲಾ ಎಕ್ಸಾಕ್ಟ್ ಮ್ಯಾಚ್‌ನಲ್ಲಿ ಇರಲಿ: ‘ಸಂಪ್ ಕ್ಲೀನಿಂಗ್’, ‘ವಾಟರ್ ಟ್ಯಾಂಕ್ ಕ್ಲೀನಿಂಗ್’, ಇಂಗ್ಲಿಷ್ ಅಕ್ಷರದಲ್ಲೂ ಕನ್ನಡದಲ್ಲೂ. ನೆಗೆಟಿವ್‌ಗೆ ಸೆಪ್ಟಿಕ್, ಪಿಟ್, ಗುಂಡಿ, ಜಾಬ್, ಜಾಬ್ಸ್, ಮೆಷಿನ್, ಫಿಶ್, ಬೈಕ್. ಒಂದಕ್ಕೆ ಹಾಕಿದರೆ ಬಹುವಚನಕ್ಕೂ ಆಯ್ತು ಅಂದ್ಕೋಬೇಡಿ, ನೆಗೆಟಿವ್‌ನಲ್ಲಿ ಪ್ರತಿ ರೂಪಾನೂ ಬೇರೆಯಾಗಿ ಹಾಕಬೇಕು.

ಇನ್‌ಸ್ಟಾಗ್ರಾಮಿನಲ್ಲಿ ಬೂಸ್ಟ್ ಬಟನ್ ಬೇಡ. ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಒಂದೇ ಆ್ಯಡ್, ವಾಟ್ಸಾಪ್ ಮೆಸೇಜೇ ಗುರಿ, ಪಿನ್ ಊರ ಮಧ್ಯೆ ಇಟ್ಟು ಹತ್ತು ಕಿಲೋಮೀಟರ್. ರೇಟು ವಿಡಿಯೋದಲ್ಲೇ ಬರೆದಿರಲಿ, ಸುಮ್ಮನೆ ರೇಟ್ ಕೇಳೋರು ಕಡಿಮೆ ಆಗ್ತಾರೆ.

ಇನ್‌ಫ್ಲುಯೆನ್ಸರ್ ಕೊನೆಗೆ, ಐದು ಸಾವಿರ ದಾಟಬಾರದು. ಅದೂ ವಿದ್ಯಾನಗರ, ಕುವೆಂಪುನಗರದಲ್ಲಿ ಸ್ವಂತ ಮನೆ ಇರೋರು ನೋಡೋ ಸಣ್ಣ ಪೇಜು. ಅವರ ಮನೆ ಸಂಪನ್ನೇ ತೊಳೆದುಕೊಟ್ಟು ಅಲ್ಲೇ ವಿಡಿಯೋ ತೆಗೆಸಿ, ಆ ವಿಡಿಯೋವನ್ನ ನಿಮ್ಮ ಆ್ಯಡ್‌ನಲ್ಲಿ ಹತ್ತು ಕಿಲೋಮೀಟರ್ ಒಳಗೆ ಓಡಿಸೋಕೆ ಒಪ್ಪಿಗೆ ಬರೆಸ್ಕೊಳ್ಳಿ. ಅವರ ಫಾಲೋವರ್ಸ್‌ಗಿಂತ ಆ ವಿಡಿಯೋ ಬೆಲೆ ಜಾಸ್ತಿ.

ಯಾವುದು ಎಲ್ಲಿಂದ ಬಂತು ಅಂತ ಗೊತ್ತಾಗೋಕೆ ಒಂದೊಂದು ಕಡೆಗೂ ಬೇರೆ ಲಿಂಕ್ ಕೊಡಿ. ಗಿರಾಕಿ ಒತ್ತಿದಾಗ ಮೆಸೇಜಿನಲ್ಲೇ ಗುರುತು ಬರುತ್ತೆ:

```
https://wa.me/91XXXXXXXXXX?text=REEL1
```

ಇದೊಂದು ಇದ್ದಿದ್ದಕ್ಕೇ ರೀಲ್ಸ್‌ನಿಂದ ಸೊನ್ನೆ ಅಂತ ಸಾಬೀತಾಗಿದ್ದು. ಇಲ್ಲದಿದ್ದರೆ ಗೂಗಲ್‌ನಿಂದ ಬಂದ ಆರನ್ನೂ ‘ಬ್ರ್ಯಾಂಡಿಂಗ್ ಎಫೆಕ್ಟ್ ಸರ್’ ಅಂತಿದ್ರು.

ಆ್ಯಡ್ ಅಕೌಂಟ್ ನಿಮ್ಮ ಜಿಮೇಲ್‌ನಲ್ಲಿ, ನಿಮ್ಮ ಕಾರ್ಡಿನಲ್ಲಿ ಓಪನ್ ಆಗಲಿ, ಏಜೆನ್ಸಿಗೆ ಆ್ಯಕ್ಸೆಸ್ ಮಾತ್ರ ಕೊಡಿ. ನಮ್ಮದು ಅವರ ಅಕೌಂಟಿನಲ್ಲಿತ್ತು. ಆ್ಯಡ್ಮಿನ್ ಆ್ಯಕ್ಸೆಸ್ ಕೇಳಿದ್ದಕ್ಕೆ ಬಂದ ಕೊನೇ ಮೆಸೇಜ್ “ಕಂಪನಿ ಪಾಲಿಸಿ ಸರ್, ಮುಂದಿನ ತಿಂಗಳ ಪ್ಯಾಕೇಜ್ ತಗೊಂಡ್ರೆ ಕೊಡ್ತೀವಿ.” ಅದಾದ ಮೇಲೆ ಡಿಪಿ ಕಾಣ್ತಿಲ್ಲ, ಫೋನೂ ಎತ್ತುತ್ತಿಲ್ಲ.