ಅಗಲದ ಸ್ಲೈಡನ್ನು ಹಳೆಯ ಪರದೆಗೆ ತರುವ ಮೂರು ದಾರಿಗಳು: ನನ್ನ ಮತ ‘Maximize’ಗೆ

ಸಿಂಧನೂರಿನ ಸಭಾಂಗಣವೊಂದರಲ್ಲಿ ಭತ್ತದ ರೈತರಿಗೆ ಸವಳು ಮಣ್ಣಿನ ಬಗ್ಗೆ ಹೇಳಬೇಕಿತ್ತು. ಮನೆಯಲ್ಲಿ 16:9 ಅಳತೆಯಲ್ಲಿ 42 ಸ್ಲೈಡು ಸಿದ್ಧಮಾಡಿದ್ದೆ. ಅಲ್ಲಿನ ಪ್ರೊಜೆಕ್ಟರ್ ಹಳೆಯದು, 4:3, ಅದರ ಚಿತ್ರ 1024 ಅಡ್ಡ 768 ಪಿಕ್ಸೆಲ್‌ನದು. ವಿಷಯ ಗೊತ್ತಾದದ್ದು ಹಿಂದಿನ ಸಂಜೆ. ಪವರ್‌ಪಾಯಿಂಟ್‌ನಲ್ಲಿ ‘Slide Size’ ಒತ್ತಿ ‘Standard (4:3)’ ಆರಿಸಿದೆ. ‘Maximize’ ಬೇಕೋ ‘Ensure Fit’ ಬೇಕೋ ಎಂದು ಅದು ಕೇಳಿದಾಗ, ಹೆಸರು ಕೇಳಿದರೆ ಸುರಕ್ಷಿತವೆನಿಸುವ ‘Ensure Fit’ ಒತ್ತಿ ಮಲಗಿದೆ. ಮರುದಿನ ನಾಲ್ಕನೆಯ ಸ್ಲೈಡಿಗೇ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಸರ್, ಅಕ್ಷರ ಕಾಣುತ್ತಿಲ್ಲ, ನೀವೇ ಓದಿ ಹೇಳಿ" ಎಂದರು. ಉಳಿದದ್ದನ್ನೆಲ್ಲ ಓದಿಯೇ ಹೇಳಿದೆ. ಆಮೇಲೆ ಮೂರು ದಾರಿಗಳನ್ನೂ ಅದೇ ಕಡತದ ಮೇಲೆ ಪ್ರಯೋಗಿಸಿ ನೋಡಿದೆ.

ಮೊದಲು ‘Ensure Fit’ ಲೆಕ್ಕ. ಪವರ್‌ಪಾಯಿಂಟ್‌ನ ಅಗಲದ ಸ್ಲೈಡು 13.333 ಅಂಗುಲ ಅಗಲ, 7.5 ಅಂಗುಲ ಎತ್ತರ. 4:3 ಸ್ಲೈಡಿನ ಎತ್ತರವೂ 7.5 ಅಂಗುಲವೇ, ಅಗಲ ಮಾತ್ರ 10. ಅಂದರೆ ಅಗಲ ಮುಕ್ಕಾಲಾಗುತ್ತದೆ. ಎಲ್ಲವನ್ನೂ ಒಳಗೆ ಹಿಡಿಸಲು ‘Ensure Fit’ ಪ್ರತಿಯೊಂದನ್ನೂ ಮುಕ್ಕಾಲಿಗೆ ಇಳಿಸಿತು, ನನ್ನ 24 ಪಾಯಿಂಟ್ ಅಕ್ಷರ 18 ಆಯಿತು. ಪರದೆಯ ಮೇಲೆ ಒಂದು ಅಂಗುಲಕ್ಕೆ 102.4 ಪಿಕ್ಸೆಲ್, 18 ಪಾಯಿಂಟ್ ಎಂದರೆ ಕಾಲು ಅಂಗುಲ, ಹಾಗಾಗಿ ಅಕ್ಷರದ ಅಳತೆ 25.6 ಪಿಕ್ಸೆಲ್. ಇನ್ನು ಏನನ್ನೂ ಬದಲಿಸದೆ ಮೂಲ ಕಡತವನ್ನೇ ಹಾಕಿದ್ದರೆ? ಮೇಲೆ ಕೆಳಗೆ 96 ಪಿಕ್ಸೆಲ್‌ಗಳ ಕಪ್ಪು ಪಟ್ಟಿ ಬರುತ್ತಿತ್ತು, ಅಂಗುಲಕ್ಕೆ 76.8 ಪಿಕ್ಸೆಲ್ ಸಿಗುತ್ತಿತ್ತು, 24 ಪಾಯಿಂಟ್ ಅಕ್ಷರ ಆಗಲೂ 25.6 ಪಿಕ್ಸೆಲ್ಲೇ! ಕಪ್ಪು ಪಟ್ಟಿಯ ಜಾಗದಲ್ಲಿ ಸ್ಲೈಡಿನ ಹಿನ್ನೆಲೆ ಬಣ್ಣ ಬಂತು ಎಂಬುದನ್ನು ಬಿಟ್ಟರೆ ಓದುವವರಿಗೆ ಕೂದಲೆಳೆಯಷ್ಟೂ ಲಾಭವಾಗಲಿಲ್ಲ. ಈ ಲೆಕ್ಕ ಹಾಕಿದ ದಿನದಿಂದ ನಾನು ‘Ensure Fit’ ಮುಟ್ಟಿಲ್ಲ.

‘Maximize’ ಅಕ್ಷರವನ್ನು 24ರಲ್ಲೇ ಉಳಿಸುತ್ತದೆ. ಪರದೆಯ ಮೇಲೆ ಅದು 34 ಪಿಕ್ಸೆಲ್ ದಾಟುತ್ತದೆ, ಕೊನೆಯ ಸಾಲಿನವರೂ ಓದಬಹುದು. ಬೆಲೆ ಏನೆಂದರೆ ಎರಡೂ ಬದಿಗೆ 1.67 ಅಂಗುಲದಷ್ಟು ಭಾಗ ಸ್ಲೈಡಿನ ಅಂಚಿನಾಚೆ ಹೋಗುತ್ತದೆ. ಅದನ್ನು ಕೈಯಿಂದಲೇ ಒಳಗೆ ತರಬೇಕು. ನನ್ನ ಹನ್ನೊಂದನೆಯ ಸ್ಲೈಡಿನಲ್ಲಿ ಎಡಕ್ಕೆ ಬರಹ, ಬಲಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನಕ್ಷೆ ಇತ್ತು. ಐದೂವರೆ ಅಂಗುಲದ ನಕ್ಷೆಯನ್ನು ಹಾಗೆಯೇ ಇಟ್ಟರೆ ಬರಹಕ್ಕೆ ಉಳಿಯುವುದು ಮೂರು ಅಂಗುಲ ಚಿಲ್ಲರೆ. ‘ಲವಣಾಂಶ’, ‘ಬಸಿಗಾಲುವೆ’ಯಂಥ ಪದಗಳಿಗೆ ವಿಭಕ್ತಿ ಸೇರಿದರೆ ಸಾಲಿಗೆ ಎರಡು ಪದ ಹಿಡಿಸುವುದೂ ಕಷ್ಟ. ನಕ್ಷೆಯನ್ನು ಕುಗ್ಗಿಸಿದರೆ ಊರಿನ ಹೆಸರು ಓದಲಾಗದು. ಆ ಸ್ಲೈಡನ್ನು ಎರಡು ಮಾಡಿದೆ, ಮೊದಲು ನಕ್ಷೆ, ಆಮೇಲೆ ಬರಹ. ಹೀಗೆ 42 ಸ್ಲೈಡು 47 ಆದವು. ಆಡುವ ಮಾತು ಅಷ್ಟೇ ಇದ್ದುದರಿಂದ ಸಮಯವೇನೂ ಹೆಚ್ಚಲಿಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ಮಾಸ್ಟರಿನಲ್ಲಿರುವ ಚಿತ್ರಗಳು. ಸ್ಲೈಡಿನ ಮೇಲೆ ನೇರವಾಗಿ ಇಟ್ಟ ಚಿತ್ರಗಳ ಆಕಾರ ಕೆಡಲಿಲ್ಲ. ಆದರೆ ಪ್ರತಿ ಸ್ಲೈಡಿನಲ್ಲೂ ಕಾಣಲೆಂದು ‘Slide Master’ನಲ್ಲಿ ಇಟ್ಟಿದ್ದ ನಮ್ಮ ರೈತ ಸಂಘದ ದುಂಡು ಲಾಂಛನ ನಿಲ್ಲಿಸಿದ ಮೊಟ್ಟೆಯಂತಾಯಿತು. ‘Lock aspect ratio’ಗೆ ಗುರುತು ಹಾಕಿಯೇ ಇತ್ತು. ಆ ಗುರುತು ನಾವು ಮೌಸಿನಿಂದ ಎಳೆಯುವಾಗ ಕಾಯುತ್ತದೆ, ಸ್ಲೈಡಿನ ಅಳತೆಯೇ ಬದಲಾದಾಗ ಕಾಯಲಿಲ್ಲ.

ದುಂಡಾದದ್ದು ಮೊಟ್ಟೆಯಾದರೆ ಕಣ್ಣಿಗೆ ಬೀಳುತ್ತದೆ. ಕೆಳಗಿನ ಪಟ್ಟಿಯಲ್ಲಿದ್ದ ಭತ್ತದ ತೆನೆಯ ಫೋಟೋ ಕೂಡ ಕುಗ್ಗಿತ್ತು, ಅದು ನನಗೆ ಬಹಳ ಹೊತ್ತು ತಿಳಿಯಲಿಲ್ಲ. ತೆನೆ ತುಸು ಸಪೂರವಾದರೆ ಯಾರಿಗೆ ಗೊತ್ತಾಗುತ್ತದೆ? ಆದ್ದರಿಂದ ಕಣ್ಣನ್ನು ನಂಬದೆ ಅಂಕಿಯನ್ನು ನೋಡಬೇಕು. ಮಾಸ್ಟರಿನಲ್ಲಿ ಚಿತ್ರದ ಮೇಲೆ ಬಲಗುಂಡಿ ಒತ್ತಿ ‘Size and Position’ ತೆರೆದರೆ ‘Scale Height’, ‘Scale Width’ ಎಂಬ ಎರಡು ಅಂಕಿಗಳಿವೆ. ಅವೆರಡೂ ಒಂದೇ ಆಗಿದ್ದರೆ ಚಿತ್ರ ಸರಿಯಾಗಿದೆ. ನನ್ನ ಲಾಂಛನಕ್ಕೆ ಎತ್ತರ 40%, ಅಗಲ 30% ಎಂದಿತ್ತು, ಮತ್ತೆ ಅದೇ ಮುಕ್ಕಾಲು. ‘Lock aspect ratio’ ಗುರುತನ್ನು ತೆಗೆದು, ಅಗಲವನ್ನೂ 40% ಮಾಡಿ, ಗುರುತನ್ನು ಮತ್ತೆ ಹಾಕಿದೆ. ಮಾಸ್ಟರಿನ ಕೆಳಗಿರುವ ಒಂದೊಂದು ಲೇಔಟನ್ನೂ ಹೀಗೆ ನೋಡಬೇಕಾಗುತ್ತದೆ, ಬಳಸದ ಲೇಔಟುಗಳನ್ನು ಮೊದಲೇ ಅಳಿಸಿಬಿಟ್ಟರೆ ಅರ್ಧ ಕೆಲಸ ತಪ್ಪುತ್ತದೆ. ಹಿನ್ನೆಲೆಗೆ ಫೋಟೋ ಹಾಕಿದ್ದವರು ಅದನ್ನು 4:3ಕ್ಕೆ ಕತ್ತರಿಸಿ ಹೊಸದಾಗಿ ಹಾಕುವುದೇ ಲೇಸು.

ಕೆಲಸದ ಕ್ರಮವನ್ನು ನಾನು ಒಮ್ಮೆ ತಲೆಕೆಳಗು ಮಾಡಿ ಒಂದು ಗಂಟೆ ಕಳೆದುಕೊಂಡೆ. ಒಂದೊಂದು ಸ್ಲೈಡಿನಲ್ಲೂ ಶೀರ್ಷಿಕೆಯ ಪೆಟ್ಟಿಗೆಯನ್ನು ಎಳೆದು ಸರಿಮಾಡುತ್ತ ಹೋದೆ. ಮೊದಲು ಮಾಸ್ಟರಿನಲ್ಲಿ ಶೀರ್ಷಿಕೆ ಮತ್ತು ಬರಹದ ಪೆಟ್ಟಿಗೆಗಳನ್ನು 9 ಅಂಗುಲ ಅಗಲಕ್ಕೆ ತಂದು, ಎಡದಿಂದ ಅರ್ಧ ಅಂಗುಲಕ್ಕೆ ಕೂರಿಸಿ, ಆಮೇಲೆ ಸ್ಲೈಡುಗಳಿಗೆ ಬಂದು ‘Home’ನಲ್ಲಿರುವ ‘Reset’ ಒತ್ತಿದರೆ ಆ ಪೆಟ್ಟಿಗೆಗಳು ತಾವೇ ಜಾಗಕ್ಕೆ ಬರುತ್ತವೆ. ಉಳಿಯುವುದು ನಾವೇ ಬಿಡಿಯಾಗಿ ಸೇರಿಸಿದ ಪಠ್ಯಪೆಟ್ಟಿಗೆಗಳು, ಬಾಣಗಳು, ಚಿತ್ರಗಳು. ಎಚ್ಚರವೊಂದಿದೆ, ‘Reset’ ಶೀರ್ಷಿಕೆ ಮತ್ತು ಬರಹದ ಪೆಟ್ಟಿಗೆಗಳಲ್ಲಿ ನಾವು ಕೈಯಿಂದ ಕೊಟ್ಟ ಬಣ್ಣ, ಗಾತ್ರಗಳನ್ನೂ ಅಳಿಸುತ್ತದೆ. ಕೆಂಪು ಬಣ್ಣದಲ್ಲಿ ಎತ್ತಿ ತೋರಿಸಿದ್ದ ಪದಗಳನ್ನು ನಾನು ಮತ್ತೆ ಕೆಂಪು ಮಾಡಬೇಕಾಯಿತು. ಎಲ್ಲ ಸೇರಿ ಎರಡೂವರೆ ಗಂಟೆ ಹಿಡಿಯಿತು.

ಮೂರನೆಯ ದಾರಿ ಹೊಸ 4:3 ಕಡತ ತೆರೆದು ಹಳೆಯ ಸ್ಲೈಡುಗಳನ್ನು ಅದಕ್ಕೆ ಅಂಟಿಸುವುದು. ಇದಕ್ಕಾಗಿ 500 ರೂಪಾಯಿ ಕೊಟ್ಟು ಎರಡೂ ಅಳತೆಯ ಟೆಂಪ್ಲೇಟ್ ಕೊಂಡೆ. ಆ ಹಣ ನೀರಿಗೆ ಬಿತ್ತು. ಅದರ ಲೇಔಟುಗಳ ಹೆಸರಿಗೂ ನನ್ನ ಲೇಔಟುಗಳ ಹೆಸರಿಗೂ ತಾಳೆಯಾಗಲಿಲ್ಲ, ಅಂಟಿಸಿದಂತೆಲ್ಲ ‘1_’ ಎಂದು ಆರಂಭವಾಗುವ ನಕಲು ಲೇಔಟುಗಳು ಮಾಸ್ಟರಿನಲ್ಲಿ ಬೆಳೆಯುತ್ತ ಹೋದವು. ಹತ್ತಕ್ಕಿಂತ ಕಡಿಮೆ ಸ್ಲೈಡಿದ್ದರೆ, ಸ್ಲೈಡನ್ನೇ ಅಂಟಿಸದೆ ಒಳಗಿನ ಬರಹ, ಚಿತ್ರಗಳನ್ನು ಮಾತ್ರ ಅಂಟಿಸುವುದಾದರೆ, ಈ ದಾರಿ ಸರಿ.

ಲಿಬ್ರೆಆಫೀಸ್ ಇಂಪ್ರೆಸ್ ಬಳಸುವವರು ‘Slide Properties’ನಲ್ಲಿ ‘Fit object to paper format’ ಗುರುತನ್ನು ತೆಗೆದರೆ ವಸ್ತುಗಳು ಇದ್ದ ಗಾತ್ರದಲ್ಲೇ ಉಳಿಯುತ್ತವೆ.

ವರ್ಷಕ್ಕೊಮ್ಮೆ ಮಾತ್ರ ಹಳೆಯ ಪರದೆ ಎದುರಾಗುವವರಿಗೆ ಕಪ್ಪು ಪಟ್ಟಿಯೇ ಸಾಕು, ಕಡತವನ್ನು ಮುಟ್ಟಬೇಡಿ, ಮನೆಯಲ್ಲಿ ಅಕ್ಷರವನ್ನೇ 32ಕ್ಕೆ ಏರಿಸಿಡಿ. ನನಗೆ ತಿಂಗಳಿಗೆರಡು ಬಾರಿ ಮಾನ್ವಿ, ಲಿಂಗಸುಗೂರು ಕಡೆಯ ಸಭಾಂಗಣಗಳಿಗೆ ಹೋಗುವುದಿರುತ್ತದೆ, ಹೊಸ ಪ್ರೊಜೆಕ್ಟರ್ ಕೊಳ್ಳುವ ಶಕ್ತಿ ನಮ್ಮ ಸಂಘಕ್ಕಿಲ್ಲ. ಅದಕ್ಕೇ ‘Maximize’ ಮಾಡಿ ತಿದ್ದಿದ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿದ್ದೇನೆ. ಅದನ್ನು ಎಂದೂ 16:9ಕ್ಕೆ ಮರಳಿಸುವುದಿಲ್ಲ, ಅತ್ತಿತ್ತ ಬದಲಿಸಿದಂತೆಲ್ಲ ಲಾಂಛನದ ಆ ಎರಡು ಅಂಕಿಗಳು ಮತ್ತೆ ಬೇರೆಯಾಗುತ್ತವೆ. ಅಗಲದ ಪರದೆಗೆ ಮೂಲ ಕಡತ ಬೇರೆಯೇ ಇದೆ, ಪೆನ್‌ಡ್ರೈವಿನಲ್ಲಿ ಎರಡೂ ಜೊತೆಗಿರುತ್ತವೆ.