ಕ್ರ್ಯಾಶಿಂಗೋ, ಫಾಸ್ಟ್ ಟ್ರ್ಯಾಕಿಂಗೋ? ನಾನಂತೂ ದುಡ್ಡು ಕೊಟ್ಟೇ ದಿನ ಉಳಿಸ್ತೀನಿ

ಕೆಲಸ ಬೇಗ ಮುಗಿಸಲು ಇರೋದು ಎರಡೇ ದಾರಿ. ಹೆಚ್ಚು ಆಳು, ಹೆಚ್ಚು ಕೂಲಿ ಹಾಕಿ ಒಂದೊಂದು ಕೆಲಸವನ್ನೇ ಚಿಕ್ಕದು ಮಾಡುವುದು ಕ್ರ್ಯಾಶಿಂಗ್. ಒಂದರ ಹಿಂದೆ ಒಂದು ಆಗಬೇಕಾದ್ದನ್ನು ಜೊತೆಜೊತೆಗೇ ಶುರು ಮಾಡುವುದು ಫಾಸ್ಟ್ ಟ್ರ್ಯಾಕಿಂಗ್. ಎರಡನ್ನೂ ಮಾಡಿ ನೋಡಿದ್ದೇನೆ. ನನ್ನ ಓಟು ಕ್ರ್ಯಾಶಿಂಗ್‌ಗೆ.

ಧಾರವಾಡದ ಒಂದು ಮನೆ ಕೆಲಸದಲ್ಲಿ ಮಾಲೀಕರ ಹತ್ತಿರ ಹೆಚ್ಚುವರಿ ದುಡ್ಡಿರಲಿಲ್ಲ. ಹಾಗಾಗಿ ಫಾಸ್ಟ್ ಟ್ರ್ಯಾಕಿಂಗ್ ಅಂತ ತೀರ್ಮಾನವಾಯಿತು. ಮುಂದಿನ ಕೋಣೆಯಲ್ಲಿ ಎಲೆಕ್ಟ್ರಿಷಿಯನ್ ಗೋಡೆ ಕೊರೆದು ಪೈಪ್ ಕೂರಿಸುತ್ತಿದ್ದರೆ, ಹಿಂದಿನ ಕೋಣೆಯಲ್ಲಿ ಗೌಂಡಿಗಳು ಪ್ಲಾಸ್ಟರ್ ಹಚ್ಚುತ್ತಿದ್ದರು. ಕಾಗದದ ಮೇಲೆ ಎರಡು ದಿನ ಉಳಿತಾಯ, ಖರ್ಚು ಸೊನ್ನೆ.

ಪ್ಲಾಸ್ಟರ್ ಆದ ಮೇಲೆ ಮನೆಯವರು ಎಸಿ ಪಾಯಿಂಟ್ ಆ ಗೋಡೆಗಲ್ಲ, ಈ ಗೋಡೆಗೆ ಬೇಕು ಅಂದರು. ಅವರದೂ ತಪ್ಪಲ್ಲ, ಮಂಚ ಎಲ್ಲಿ ಬರುತ್ತದೆ ಅಂತ ಆಗಷ್ಟೇ ಗೊತ್ತಾಗಿತ್ತು. ಕಟರ್ ಹಾಕಿ ಹಸಿ ಪ್ಲಾಸ್ಟರ್ ಸೀಳಿದೆವು. ಪೈಪ್ ಕೂರಿಸಿ, ಕೋಳಿ ಜಾಳಿಗೆ ಹೊಡೆದು, ಮತ್ತೆ ಗಾರೆ ತುಂಬಿ, ಮತ್ತೆ ಏಳು ದಿನ ನೀರು ಹೊಡೆದೆವು. ಉಳಿಸಿದ ಎರಡು ದಿನ ಅಲ್ಲೇ ಹೋಯಿತು, ಮೇಲೆ ಇನ್ನಷ್ಟು ದಿನ ಹೋಯಿತು.

ತಾಪತ್ರಯ ಅಷ್ಟಕ್ಕೇ ಮುಗಿಯಲಿಲ್ಲ. ಕಟರ್ ಅದುರಾಟಕ್ಕೆ ಪಕ್ಕದ ಪ್ಲಾಸ್ಟರ್ ಇಟ್ಟಿಗೆ ಬಿಟ್ಟಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮೇಸ್ತ್ರಿ ಬೆರಳ ಗೆಣ್ಣಿನಿಂದ ತಟ್ಟಿ, “ಸರ್ರ, ಈ ಕಡೆ ಪೊಳ್ಳ ಬಡೀತೈತ್ರಿ” ಅಂದ. ಗಟ್ಟಿ ಇರುವ ಕಡೆಯ ಸದ್ದೇ ಬೇರೆ, ಬಿಟ್ಟ ಕಡೆಯದೇ ಬೇರೆ. ಪೊಳ್ಳು ಬಡಿದಷ್ಟನ್ನೂ ಕೆತ್ತಿ ತೆಗೆಯಬೇಕಾಯಿತು. ಇಷ್ಟಾಗಿ ಪೈಪ್ ಹೋದ ದಾರಿಯುದ್ದಕ್ಕೂ ಕೂದಲೆಳೆ ಬಿರುಕು ಇವತ್ತಿಗೂ ಕಾಣುತ್ತದೆ. ಹಿಂದಿನ ಕೆಲಸ ಪೂರ್ತಿ ತೀರ್ಮಾನವಾಗುವ ಮೊದಲೇ ಮುಂದಿನದನ್ನು ಹಿಡಿದರೆ ಎಷ್ಟು ದಂಡ ಬೀಳುತ್ತದೆ ಅಂತ ಮೊದಲೇ ಲೆಕ್ಕ ಹಾಕಲು ಬರುವುದಿಲ್ಲ. ನನಗೆ ಆಗದಿರೋದು ಇದೇ.

ಆಮೇಲೆ ಹುಬ್ಬಳ್ಳಿಯ ಅಮರಗೋಳದ ಕಡೆ ಒಂದು ಗೋಡೌನ್ ಕೆಲಸ ಬಂತು. ಗೋಡೆ 10 ದಿನ, ಪೈಪ್ 5, ಪ್ಲಾಸ್ಟರ್ 9, ಕ್ಯೂರಿಂಗ್ 7, ನೆಲಕ್ಕೆ ಫರ್ಸಿ 8. ಒಟ್ಟು 39. ಸಾಹುಕಾರರಿಗೆ 35ಕ್ಕೆ ಬೇಕಿತ್ತು. ಗೋಡೆ ಮುಗಿದ ಮೇಲೆ, ಪೈಪ್, ಪ್ಲಾಸ್ಟರ್ ನಡೆಯುವಾಗಲೇ, ವರ್ಕ್‌ಶಾಪ್‌ನಲ್ಲಿ ಶಟರ್ ತಯಾರಿಗೆ 16 ದಿನ, ಕೂರಿಸಲು 3. ಅದು ಕೂತ ಮೇಲೇ ಫರ್ಸಿ. ಪೈಪ್‌ನಿಂದ ಕ್ಯೂರಿಂಗ್‌ವರೆಗೆ 21 ದಿನ, ಶಟರ್ ದಾರಿ 19. ಅಂದರೆ ಶಟರ್‌ಗೆ ಎರಡು ದಿನ ಸಡಿಲ ಇದೆ.

ಯಾವುದನ್ನು ಕಡಿಮೆ ಮಾಡಬೇಕು ಅಂತ ನೋಡಲು ಕಾಸ್ಟ್ ಸ್ಲೋಪ್ ಬೇಕು. ಅವಸರದ ಖರ್ಚಿನಲ್ಲಿ ಮಾಮೂಲಿ ಖರ್ಚು ಕಳೆದು, ಉಳಿತಾಯವಾಗುವ ದಿನಗಳಿಂದ ಭಾಗಿಸಿದರೆ ಒಂದು ದಿನದ ಬೆಲೆ ಸಿಗುತ್ತದೆ. ಪ್ಲಾಸ್ಟರ್ ಮಾಮೂಲಿಗೆ 36,000 ರೂಪಾಯಿ. ಇನ್ನೊಂದು ಗ್ಯಾಂಗ್ ಹಾಕಿ 6 ದಿನಕ್ಕೆ ಮುಗಿಸಿದರೆ 43,500. ಹೆಚ್ಚಾದ 7,500 ಅನ್ನು 3ರಿಂದ ಭಾಗಿಸಿ, ದಿನಕ್ಕೆ 2,500. ಹೀಗೇ ಫರ್ಸಿಗೆ 3,500, ಗೋಡೆಗೆ 4,000, ಶಟರ್‌ಗೆ 1,500 ಬಂತು. ಫರ್ಸಿ, ಗೋಡೆ ಎರಡರಲ್ಲೂ ಎರಡೆರಡು ದಿನ ಮಾತ್ರ ಇಳಿಸಬಹುದು.

ಶಟರ್ ಅಗ್ಗ ಅಂತ ಅದಕ್ಕೆ ಕೈ ಹಾಕಿದರೆ ದುಡ್ಡು ಸುಮ್ನೆ ದಂಡ. ಅದು ಕ್ರಿಟಿಕಲ್ ಪಾತ್‌ನಲ್ಲೇ, ಅಂದರೆ ಒಟ್ಟು ದಿನ ತೀರ್ಮಾನಿಸುವ ಅತಿ ಉದ್ದದ ದಾರಿಯಲ್ಲೇ ಇಲ್ಲ, ಅಲ್ವಾ? ಹಾಗಾಗಿ ಮೊದಲ ಎರಡು ದಿನ ಪ್ಲಾಸ್ಟರ್‌ನಲ್ಲಿ ತೆಗೆದೆ. ಖರ್ಚು 5,000. ಈಗ ಎರಡೂ ದಾರಿ 19-19 ಸಮ. ಪ್ಲಾಸ್ಟರ್‌ನಲ್ಲಿ ಇನ್ನೊಂದು ದಿನ ಇಳಿಸಬೇಕೆಂದರೆ ಶಟರನ್ನೂ ಇಳಿಸಬೇಕು, ಎರಡೂ ಸೇರಿ 4,000. ಅದಕ್ಕಿಂತ ಫರ್ಸಿ ಅಗ್ಗ. ಅಲ್ಲಿ ಎರಡು ದಿನ, 7,000. ಒಟ್ಟು 12,000ಕ್ಕೆ ನಾಲ್ಕು ದಿನ. ಒಂದೊಂದು ದಿನ ಇಳಿಸಿದಾಗಲೂ ಕ್ರಿಟಿಕಲ್ ಪಾತ್ ಮತ್ತೆ ನೋಡಬೇಕು. ಎಷ್ಟೋ ಜನ ಇದನ್ನೇ ಬಿಡುತ್ತಾರೆ.

ಕ್ಯೂರಿಂಗ್‌ಗೆ ಮಾತ್ರ ಯಾವ ದುಡ್ಡೂ ನಡೆಯುವುದಿಲ್ಲ. ಹತ್ತು ಆಳು ನಿಂತು ನೀರು ಹೊಡೆದರೂ ಸಿಮೆಂಟು ತನ್ನ ಟೈಮ್ ತಗೊಂಡೇ ತಗೊಳ್ಳುತ್ತದೆ.

ಹಾಗಂತ ಫಾಸ್ಟ್ ಟ್ರ್ಯಾಕಿಂಗ್ ಪೂರ್ತಿ ಬೇಡ ಅಂತಲ್ಲ. ಹೊರಗೋಡೆ ಪ್ಲಾಸ್ಟರ್ ಮತ್ತು ಒಳಗಿನ ವೈರಿಂಗ್ ಒಂದಕ್ಕೊಂದು ಅಡ್ಡ ಬರದಿದ್ದರೆ ಧಾರಾಳವಾಗಿ ಜೊತೆಗೆ ಮಾಡಿ. ಗೋಡೆ ಏಳುವ ಮೊದಲೇ ನಕ್ಷೆ ನೋಡಿ ಶಟರ್ ಆರ್ಡರ್ ಕೊಡೋಕೆ ಮಾತ್ರ ನನಗೆ ಧೈರ್ಯ ಬರುವುದಿಲ್ಲ.

ನನ್ನದು ಸಣ್ಣ ಲಾಭದ ಕೆಲಸ. 12,000 ಹೋಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಸಾಹುಕಾರರ ಮುಂದೆ ಕೂತು ಮಾತಾಡಬಹುದು. ಮಿಕ್ಸರ್, ಸ್ಕ್ಯಾಫೋಲ್ಡಿಂಗ್ ಬಾಡಿಗೆ, ವಾಚ್‌ಮನ್ ಸೇರಿ ನನಗೆ ದಿನಕ್ಕೆ 1,800 ಉಳಿಯುತ್ತಿತ್ತು, ಅವರಿಗೆ ಹಳೇ ಗೋಡೌನ್ ಬಾಡಿಗೆ 2,000. ಎರಡೂ ಸೇರಿ 3,800. ಫರ್ಸಿಯ 3,500 ಅದರೊಳಗೇ ಇತ್ತು. ಐದನೇ ದಿನವನ್ನೂ ಉಳಿಸಿಕೊಡ್ತೀರಾ ಅಂತ ಕೇಳಿದರು. ಅದಕ್ಕೆ 4,000 ಆಗುತ್ತದೆ ಅಂದೆ, ಬೇಡ ಬಿಡ್ರಿ ಅಂದರು.