ಎರಡು ವರ್ಷ ದುಡ್ಡು ಕೊಟ್ಟು ಬಳಸಿದ ಗ್ರಾಮರ್ ಟೂಲ್: ನಾನೇ ಬರೆದದ್ದು ಎಐ ಬರಹ ಅನ್ನಿಸಿಕೊಂಡ ಕತೆ

ಮೊದಲೇ ಹೇಳಿಬಿಡ್ತೀನಿ, ಇದು ಯಾವ ಕಂಪನಿಯ ಟೂಲ್ ಅಂತ ಇಲ್ಲಿ ಬರೆಯೋದಿಲ್ಲ. ಹೆಸರು ಬೇರೆ ಬೇರೆ ಇರಬಹುದು, ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ನಾನು ಕನ್ನಡ ಮಾಧ್ಯಮದಲ್ಲಿ ಓದಿ, ಎಂ.ಎ.ಗೆ ಬಂದ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಾದವಳು. ‘ಎ’ ಎಲ್ಲಿ, ‘ದಿ’ ಎಲ್ಲಿ ಅನ್ನೋದು ಇವತ್ತಿಗೂ ಕೈ ಕೊಡುತ್ತೆ. ಹಾಗಾಗಿ ಮೊದಲ ಸೆಮಿಸ್ಟರಿನಲ್ಲೇ ಪ್ರೀಮಿಯಂ ಪ್ಲಾನ್ ತಗೊಂಡೆ. ಒಂದು ವರ್ಷ ಒಂದು ದೂರೂ ಇರಲಿಲ್ಲ. ಅಸೈನ್‌ಮೆಂಟಿನಲ್ಲಿ ಕೆಂಪು ಗೆರೆಗಳು ಕಡಿಮೆಯಾದವು, ಬರೆಯೋ ಧೈರ್ಯ ಬಂತು. ಆ ಋಣ ಮರೆತು ಬರೀತಿಲ್ಲ.

ತೊಂದರೆ ಶುರುವಾದದ್ದು ಡಿಸರ್ಟೇಶನ್ನಿನಲ್ಲಿ. ವಿಷಯ ದನಗಳ ಜಾತ್ರೆ. ಎರಡು ಜಾತ್ರೆಗಳಲ್ಲಿ ಓಡಾಡಿ, ರೈತರನ್ನೂ ದಲ್ಲಾಳಿಗಳನ್ನೂ ಮಾತಾಡಿಸಿ, ನೋಟ್‌ಬುಕ್ಕಿನಿಂದ ನೋಡಿಕೊಂಡು ಮೂರನೇ ಅಧ್ಯಾಯ ಟೈಪ್ ಮಾಡಿದ್ದೆ. ಕೊಡೋ ಹಿಂದಿನ ರಾತ್ರಿ ಟೂಲ್ ತೆರೆದು ಕೂತೆ. ಸಲಹೆ ಬಂತು, ಒತ್ತಿದೆ. ಮತ್ತೊಂದು ಬಂತು, ಒತ್ತಿದೆ. ಮುಗಿಯೋ ಹೊತ್ತಿಗೆ ನೂರಕ್ಕೂ ಮೇಲೆ ಸಲಹೆ ಒಪ್ಪಿಕೊಂಡಿದ್ದೆ. ಕೊನೆಕೊನೆಗೆ ಓದಿ ನೋಡೋದನ್ನೂ ಬಿಟ್ಟಿದ್ದೆ. ನಾಲ್ಕು ದಿನ ಬಿಟ್ಟು ಗೈಡ್ ಮೇಡಂ ಕರೆದರು. ಮೇಜಿನ ಮೇಲೆ, ಬರಹ ಎಐದೋ ಮನುಷ್ಯರದ್ದೋ ಅಂತ ಪತ್ತೆ ಮಾಡೋ ಡಿಟೆಕ್ಟರಿನ ರಿಪೋರ್ಟ್ ಇತ್ತು, ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಬಣ್ಣ ಬಳಿದಿತ್ತು. “ಇದು ನೀನೇ ಬರ್ದಿದ್ದೇನಮ್ಮಾ?” ಅಂದರು. ಗದರಿಸಲಿಲ್ಲ. ಗದರಿಸಿದ್ದರೇ ವಾಸಿಯಿತ್ತು.

ನಾನೇ ಬರೆದದ್ದು ಅಂತ ಬಾಯಲ್ಲಿ ಹೇಳಿದರೆ ಸಾಕಾಗೋ ಕಾಲ ಅಲ್ಲವಲ್ಲ. ಪುಣ್ಯಕ್ಕೆ ಟೈಪ್ ಮಾಡಿದ್ದು ಗೂಗಲ್ ಡಾಕ್ಸ್‌ನಲ್ಲಿ. Version history ತೆರೆದು ತೋರಿಸಿದೆ. ಮೂರು ವಾರದ ದಿನಾಂಕಗಳು, ಅಡ್ಡಾದಿಡ್ಡಿ ವಾಕ್ಯಗಳು, ಬರೆದು ಅಳಿಸಿದ ಪ್ಯಾರಾಗಳು, ಎಲ್ಲ ಇದ್ದವು. ಮೇಡಂ ಒಂದು ಒಳ್ಳೆ ಕೆಲಸ ಮಾಡಿದರು. ಟೂಲ್ ಮುಟ್ಟುವ ಮುಂಚಿನ ಪ್ರತಿಯನ್ನು ಅದೇ ಡಿಟೆಕ್ಟರಿಗೆ ಹಾಕಿಸಿದರು. ಎಐ ಅಂಕ ಲೆಕ್ಕಕ್ಕೆ ಬಾರದಷ್ಟು ಕೆಳಗಿತ್ತು. ಅದೇ ಅಧ್ಯಾಯ, ಅದೇ ಹುಡುಗಿ, ಅದೇ ಮಾಹಿತಿ. ನಡುವೆ ಇದ್ದದ್ದು ಒಂದು ರಾತ್ರಿಯ ಪಾಲಿಶ್ ಮಾತ್ರ.

ಆಮೇಲೆ ನಾನು ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಒಂದು ಜಾಗ ತೋರಿಸ್ತೀನಿ. ಜಾತ್ರೆಯಲ್ಲಿ ದಲ್ಲಾಳಿ ರೇಟನ್ನು ಬಾಯಲ್ಲಿ ಹೇಳೋದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳ್ತಾನೆ. ನಾನು ಬರೆದದ್ದರ ತಾತ್ಪರ್ಯ ಇಷ್ಟು: ದಲ್ಲಾಳಿ ರೇಟು ಹೇಳೋದು ಟವೆಲ್ ಕೆಳಗಿನ ಬೆರಳಲ್ಲೇ, ಹತ್ತೊಂಬತ್ತು ಕಿಲೋಮೀಟರ್ ಎತ್ತುಗಳನ್ನು ನಡೆಸಿಕೊಂಡು ಬಂದು ಪಕ್ಕದಲ್ಲೇ ನಿಂತ ರೈತನ ಸ್ವಂತ ಮಗನಿಗೂ ಅದು ಗೊತ್ತಾಗೋದಿಲ್ಲ. ಅದಾದ ಮೇಲೆ ಎರಡೇ ಪದದ ವಾಕ್ಯ: “ನೋಬಡಿ ಶೌಟ್ಸ್.” ಮೊದಲ ವಾಕ್ಯದಲ್ಲಿ 32 ಪದ, ಎರಡನೆಯದರಲ್ಲಿ 2. ಮೊದಲನೆಯದರಲ್ಲಿ ‘ಅಂಡರ್ ದಿ ಟವೆಲ್ ಓನ್ಲಿ’ ಅಂತ ಇತ್ತು. ಆ ‘ಓನ್ಲಿ’ ನಮ್ಮ ‘ಬೆರಳಲ್ಲೇ’ದಲ್ಲಿರೋ ಏಕಾರ, ಇಂಗ್ಲಿಷಿಗೆ ನುಸುಳಿ ಬಂದದ್ದು.

ಟೂಲ್ ಅದನ್ನು ಏನು ಮಾಡಿತು ನೋಡಿ: “ಬ್ರೋಕರ್ಸ್ ಕಮ್ಯುನಿಕೇಟ್ ಪ್ರೈಸಸ್ ಡಿಸ್ಕ್ರೀಟ್ಲಿ ಥ್ರೂ ಹ್ಯಾಂಡ್ ಗೆಸ್ಚರ್ಸ್ ಬಿನೀತ್ ಎ ಕ್ಲಾತ್.” ಅದರ ಬೆನ್ನಿಗೆ, ಈ ಪದ್ಧತಿಯಿಂದ ವ್ಯವಹಾರದಲ್ಲಿ ಕುಟುಂಬದವರ ನಡುವೆಯೂ ಗೋಪ್ಯತೆ ಉಳಿಯುತ್ತದೆ ಅನ್ನೋ ಅರ್ಥದ ಇನ್ನೊಂದು ವಾಕ್ಯ. ಎಣಿಸಿದರೆ ಎರಡರಲ್ಲೂ ಸರಿಯಾಗಿ ಹತ್ತತ್ತು ಪದ. ಟವೆಲ್ ಹೋಗಿ ಬಟ್ಟೆಯಾಯಿತು, ಮಗ ಹೋಗಿ ಕುಟುಂಬದವರಾದ, ಎತ್ತು ಜಾತ್ರೆ ಬಿಟ್ಟೇ ಓಡಿಹೋದವು. ‘ನೋಬಡಿ ಶೌಟ್ಸ್’ ತುಂಡುತುಂಡಾಗಿದೆ ಅಂತ ಕಿತ್ತುಹಾಕಿತ್ತು. ವ್ಯಾಕರಣದ ತಪ್ಪು ಅಂತ ತಿದ್ದಬೇಕಾಗಿದ್ದದ್ದು ಆ ‘ಓನ್ಲಿ’ ಒಂದನ್ನೇ.

ಡಿಟೆಕ್ಟರ್ ನೋಡೋದು ಈ ವ್ಯತ್ಯಾಸವನ್ನೇ. ‘ಮಳೆ ಬಂದು ಕೆರೆ’ ಅಂತ ಹೇಳಿ ನಿಲ್ಲಿಸಿದರೆ ಯಾರಾದರೂ ‘ತುಂಬಿತು’ ಅಂತಾರೆ. ‘ಮಳೆ ಬಂದು ಕೆರೆ ಕೆಮ್ಮಿತು’ ಅಂದರೆ ಕೇಳಿದವರು ಒಂದು ಕ್ಷಣ ತಡೀತಾರೆ. ಮುಂದಿನ ಪದವನ್ನು ಭಾಷಾ ಮಾದರಿಯೊಂದು ಎಷ್ಟು ಸುಲಭವಾಗಿ ಊಹಿಸಬಲ್ಲದು ಅನ್ನೋ ಅಳತೆಗೆ ಪರ್ಪ್ಲೆಕ್ಸಿಟಿ ಅಂತ ಹೆಸರು. ಊಹೆಗೆ ಸಿಗದಷ್ಟೂ ಅದು ಹೆಚ್ಚು. ಎಐ ಬರೆಯೋದೇ ಹೆಚ್ಚು ಸಂಭವನೀಯ ಪದಗಳನ್ನು ಆರಿಸಿಕೊಂಡು, ಹಾಗಾಗಿ ಅದರ ಬರಹದಲ್ಲಿ ಪರ್ಪ್ಲೆಕ್ಸಿಟಿ ಕಡಿಮೆ. ಇನ್ನೊಂದು ಅಳತೆ ಬರ್ಸ್ಟಿನೆಸ್: ವಾಕ್ಯಗಳು ಒಂದು ಉದ್ದ ಒಂದು ಗಿಡ್ಡ ಅಂತ ಏರಿಳಿಯುತ್ತವೋ, ಅಥವಾ ಎಲ್ಲ ಒಂದೇ ಅಚ್ಚಿನಲ್ಲಿ ಬರುತ್ತವೋ ಅಂತ. 2023ರ ಜನವರಿಯಲ್ಲಿ ಬಂದ ಜಿಪಿಟಿಝೀರೋ ಅನ್ನೋ ಡಿಟೆಕ್ಟರ್ ಈ ಎರಡು ಮಾತುಗಳನ್ನೇ ಜನಪ್ರಿಯ ಮಾಡಿದ್ದು. ಈಗಿನ ಡಿಟೆಕ್ಟರುಗಳು ಎಐ ಬರಹದ ರಾಶಿ ಮಾದರಿಗಳ ಮೇಲೆ ತರಬೇತಿ ಪಡೆದಿರುತ್ತವೆ, ಇಷ್ಟು ಸರಳ ಲೆಕ್ಕಕ್ಕೆ ನಿಲ್ಲೋದಿಲ್ಲ. ಆದರೂ ಅವು ಹುಡುಕೋದು ಇದೇ ನಯವನ್ನು.

ಈಗ ಪಾಲಿಶ್ ಮಾಡೋ ಟೂಲಿನ ಕೆಲಸ ಏನು? ಓದುಗ ತಡೆಯೋ ಪದ ತೆಗೆದು ತಡೆಯದ ಪದ ಹಾಕೋದು, ಉದ್ದ ವಾಕ್ಯ ಕತ್ತರಿಸೋದು, ಗಿಡ್ಡದ್ದನ್ನು ಪಕ್ಕದ್ದಕ್ಕೆ ಹೊಲಿಯೋದು. ಅಂದರೆ ಡಿಟೆಕ್ಟರ್ ಮನುಷ್ಯನ ಗುರುತು ಅಂತ ಹುಡುಕೋದನ್ನೇ ಇದು ಕಸ ಅಂತ ಗುಡಿಸುತ್ತದೆ. ಸಾಲದ್ದಕ್ಕೆ ‘ಇಡೀ ವಾಕ್ಯ ಮತ್ತೆ ಬರೆ’ ಅನ್ನೋ ಥರದ ಗುಂಡಿಗಳ ಹಿಂದೆ ಈಗ ಇರೋದೇ ಭಾಷಾ ಮಾದರಿ. ಅದನ್ನು ಒತ್ತಿದಾಗ ಬಂದ ವಾಕ್ಯ ಎಐ ಬರೆದದ್ದೇ. ವಿಚಾರ ನನ್ನದು, ಪದಗಳು ಅದರವು. ಇದನ್ನು ಒಪ್ಪಿಕೊಳ್ಳೋಕೆ ನನಗೆ ಕೆಲವು ದಿನ ಬೇಕಾಯಿತು. ಡಿಟೆಕ್ಟರ್ ಪೂರ್ತಿ ಸುಳ್ಳು ಹೇಳಿರಲಿಲ್ಲ. ಆದರೆ ಅದು ಹೇಳಿದ್ದು ವಾಕ್ಯದ ಬಗ್ಗೆ, ಕೇಳಿದವರಿಗೆ ಕೇಳಿಸಿದ್ದು ನನ್ನ ಪ್ರಾಮಾಣಿಕತೆಯ ಬಗ್ಗೆ.

ಇನ್ನೊಂದು ವಿಚಿತ್ರ ಕಂಡೆ. ಟೂಲ್ ಮುಟ್ಟದೆ ಬಿಟ್ಟ ಕೆಲವು ವಾಕ್ಯಗಳಿಗೂ ಬಣ್ಣ ಬಿದ್ದಿತ್ತು. ವಿಶ್ವವಿದ್ಯಾಲಯಗಳು ಬಳಸೋ ಡಿಟೆಕ್ಟರ್ ಟರ್ನಿಟಿನ್ ತನ್ನ ವಿಧಾನದ ಬಗ್ಗೆ ಪ್ರಕಟಿಸಿರೋ ವಿವರ ಓದಿದಾಗ ಇಂಥದ್ದು ಹೇಗಾಗಬಹುದು ಅಂತ ತಿಳಿಯಿತು. ಬರಹವನ್ನು ಒಂದರ ಮೇಲೊಂದು ಹಾಯುವ ತುಂಡುಗಳಾಗಿ, ಸುಮಾರು ಐದರಿಂದ ಹತ್ತು ವಾಕ್ಯದ ಗುಂಪುಗಳಾಗಿ ಅದು ನೋಡುತ್ತದೆ, ಒಂದು ವಾಕ್ಯದ ಅಂಕಕ್ಕೆ ಅದು ಕೂತ ಗುಂಪುಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಪಕ್ಕದಲ್ಲಿ ನಾಲ್ಕು ಪಾಲಿಶ್ ವಾಕ್ಯ ಇದ್ದರೆ ನಡುವಿನ ನನ್ನ ವಾಕ್ಯವೂ ಅವುಗಳ ಜೊತೆ ಸೇರಿ ಕೆಡುತ್ತದೆ. ಟರ್ನಿಟಿನ್ ರಿಪೋರ್ಟಿನ ಶೇಕಡಾವಾರು ಕೂಡ ‘ಇದು ಎಐ ಆಗಿರೋ ಸಾಧ್ಯತೆ ಇಷ್ಟು’ ಅಂತಲ್ಲ, ಬರಹದ ಎಷ್ಟು ಪಾಲು ಎಐ ಥರ ಕಾಣಿಸಿತು ಅಂತ. ಶೇ. 1ರಿಂದ 19ರವರೆಗೆ ಬಂದರೆ ನಂಬಿಕೆಗೆ ಸಾಲದು ಅಂತ ಅವರೇ ಸಂಖ್ಯೆಯ ಬದಲು ನಕ್ಷತ್ರ ಚಿಹ್ನೆ ತೋರಿಸ್ತಾರೆ. ನಮ್ಮಲ್ಲಿ ಹಲವರು ಇದನ್ನು ಯುಜಿಸಿಯ 2018ರ ಕೃತಿಚೌರ್ಯ ನಿಯಮದ ಶೇ. 10ರ ಜೊತೆ ಕಲಸಿಬಿಡ್ತಾರೆ. ಆ ಶೇ. 10 ಬೇರೆಯವರ ಬರಹದ ಜೊತೆಗಿನ ಹೋಲಿಕೆಗೆ. ಎಐ ಅಂಕಕ್ಕೂ ಅದಕ್ಕೂ ಸಂಬಂಧ ಇಲ್ಲ. “ಎಐ ಹತ್ತರೊಳಗೆ ತನ್ನಿ” ಅಂತ ಯಾರಾದರೂ ಹೇಳಿದರೆ, ಯಾವ ನಿಯಮ ಅಂತ ವಿನಯದಿಂದಲೇ ಕೇಳಿ.

ಹಾಗಂತ ಟೂಲ್ ಬಿಟ್ಟು ಬರೀ ನಮ್ಮ ಇಂಗ್ಲಿಷಿನಲ್ಲೇ ಬರೆದರೆ ಕ್ಷೇಮ ಅಂತಲೂ ಅಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರಿಗೆ ಹಾಕಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಶೇ. 61ರಷ್ಟು ಎಐ ಅನ್ನಿಸಿಕೊಂಡವು. ಕಾರಣ ಅದೇ: ಗೊತ್ತಿರೋ ಪದ ಕಡಿಮೆ ಇದ್ದಾಗ ಎಲ್ಲರೂ ಬಳಸೋ ಪದವನ್ನೇ ಬಳಸ್ತೀವಿ. ಕುತೂಹಲದ ಸಂಗತಿ ಅಂದರೆ, ಅವೇ ಪ್ರಬಂಧಗಳ ಪದಸಂಪತ್ತು ಹೆಚ್ಚಿಸು ಅಂತ ಚಾಟ್‌ಜಿಪಿಟಿಗೆ ಕೊಟ್ಟಾಗ ಅಂಕ ಏರಲಿಲ್ಲ, ಇಳಿಯಿತು. ಅಂದರೆ ತಿದ್ದಿದ ಮಾತ್ರಕ್ಕೆ ಅಂಕ ಏರುತ್ತೆ ಅನ್ನೋದು ಕಟ್ಟಿಟ್ಟ ನಿಯಮವಲ್ಲ. ತಿದ್ದುಪಡಿ ಯಾವ ಕಡೆಗೆ ಎಳೆಯಿತು, ಡಿಟೆಕ್ಟರ್ ಯಾವ ಕಾಲದ್ದು ಅನ್ನೋದರ ಮೇಲಿದೆ. ನನ್ನ ಟೂಲ್ ಎಳೆದದ್ದು ಸರಳ, ಸಪಾಟು ಕಡೆಗೆ. ಟರ್ನಿಟಿನ್ 2024ರಿಂದ ಎಐ ಬರೆದು, ಟೂಲಿನಲ್ಲಿ ಮತ್ತೆ ಹೊರಳಿಸಿದ ಬರಹವನ್ನೂ ಪ್ರತ್ಯೇಕವಾಗಿ ಗುರುತಿಸೋಕೆ ನೋಡುತ್ತಿದೆ.

ಸರಿ, ಈಗ ಟೂಲನ್ನು ಹೇಗೆ ಬಳಸ್ತಿದ್ದೀನಿ ಅಂದರೆ: ಸ್ಪೆಲಿಂಗ್, ಆರ್ಟಿಕಲ್, ಕರ್ತೃವಿಗೆ ತಕ್ಕ ಕ್ರಿಯಾಪದ, ಅಲ್ಪವಿರಾಮ, ಇಷ್ಟನ್ನು ಮಾತ್ರ ಉಳಿಸಿಕೊಂಡು ಟೋನ್, ಸ್ಪಷ್ಟತೆ, ವಾಕ್ಯ ಮರುರಚನೆ ಎಲ್ಲ ಸೆಟ್ಟಿಂಗ್ಸಿನಲ್ಲಿ ಆರಿಸಿದ್ದೀನಿ. ಒಂದು ಸಲಹೆ ಬಂದಾಗ ಯಾವ ವ್ಯಾಕರಣ ನಿಯಮ ತಪ್ಪಿದೆ ಅಂತ ನನಗೆ ಹೇಳೋಕೆ ಬಂದರೆ ಒಪ್ಪಿಕೊಳ್ತೀನಿ. ‘ಹೀಗೆ ಚೆನ್ನಾಗಿ ಕೇಳುತ್ತೆ’ ಅನ್ನೋದಷ್ಟೇ ಕಾರಣ ಆಗಿದ್ದರೆ ಬಿಡ್ತೀನಿ. ವಾಕ್ಯ ನಿಜವಾಗಿಯೂ ಗೋಜಲಾಗಿದ್ದರೆ ಟೂಲ್ ಮುಚ್ಚಿ, ನೋಟ್‌ಬುಕ್ ನೋಡಿ, ನಾನೇ ಇನ್ನೊಮ್ಮೆ ಬರೀತೀನಿ. ಪಾಲಿಶ್‌ಗೆ ಮುಂಚಿನ ಪ್ರತಿಯನ್ನು ದಿನಾಂಕ ಹಾಕಿ ಬೇರೆ ಹೆಸರಲ್ಲಿ ಇಡ್ತೀನಿ, ಯಾಕಂದರೆ ಬೇರೆ ಕಡೆ ತಿದ್ದಿ ಒಟ್ಟಿಗೆ ಅಂಟಿಸಿದರೆ ವರ್ಷನ್ ಹಿಸ್ಟರಿಯಲ್ಲಿ ಒಂದೇ ಏಟಿಗೆ ಇಡೀ ಪುಟ ಬಂದು ಬಿದ್ದ ಹಾಗೆ ಕಾಣುತ್ತೆ, ಅದು ಇನ್ನೊಂದು ಅನುಮಾನಕ್ಕೆ ದಾರಿ. ಮುನ್ನುಡಿಯಲ್ಲಿ ಯಾವ ಟೂಲ್, ಯಾವುದಕ್ಕೆ ಬಳಸಿದೆ ಅಂತ ಒಂದು ಸಾಲು ಬರೆದೆ. ಮೇಡಂ ಅದೇ ಸಾಕು ಅಂದರು.

ಮೂರನೇ ಅಧ್ಯಾಯವನ್ನು ಹಳೆ ಪ್ರತಿಯಿಂದಲೇ ಮತ್ತೆ ತಿದ್ದಿ ಕೊಟ್ಟೆ. ಟವೆಲ್ ವಾಪಸ್ ಬಂತು, ಎತ್ತುಗಳೂ ಬಂದವು. ‘ಓನ್ಲಿ’ ಮಾತ್ರ ತೆಗೆದೆ.

ಸ್ಪೆಲಿಂಗ್ ಮತ್ತು ಆರ್ಟಿಕಲ್‌ಗೆ ಐದರಲ್ಲಿ ನಾಲ್ಕು ಸ್ಟಾರ್. ಮರುರಚನೆಗೆ ಒಂದು, ಅದೂ ಕೊಡಲೇಬೇಕು ಅನ್ನೋದಕ್ಕೆ. ಪ್ರೀಮಿಯಂ ಮುಂದಿನ ತಿಂಗಳು ಮುಗಿಯುತ್ತೆ, ಆಟೋ ರಿನ್ಯೂವಲ್ ತೆಗೆದಾಯಿತು. ನನಗೆ ಬೇಕಾದಷ್ಟು ಉಚಿತ ಪ್ಲಾನಿನಲ್ಲೇ ಇದೆ.